ಆಡಿಟ್ ಫೀಸು ಯಾರ ಖಾತೆಗೆ?

ಸಣ್ಣ ಟ್ರಸ್ಟ್‌ಗಳ ಬಜೆಟ್ ಸಭೆಯಲ್ಲಿ ಮಕ್ಕಳ ಪುಸ್ತಕ, ಶಿಕ್ಷಕರ ಗೌರವಧನ, ಶಿಬಿರದ ಊಟದ ಖರ್ಚು ಇವುಗಳ ಮೇಲೆ ಗಂಟೆಗಟ್ಟಲೆ ಮಾತು ನಡೆಯುತ್ತದೆ. ಪಟ್ಟಿಯ ಕೊನೆಯಲ್ಲಿ ‘ಆಡಿಟ್ ಫೀಸು ಇತ್ಯಾದಿ: 10,000’ ಎಂಬ ಒಂದು ಸಾಲು ಇರುತ್ತದೆ. ಹೋದ ವರ್ಷವೂ ಅಷ್ಟೇ ಇತ್ತು, ಅದರ ಹಿಂದಿನ ವರ್ಷವೂ ಅಷ್ಟೇ. ಯಾರೂ ಕೇಳುವುದಿಲ್ಲ, ಸಭೆ ಮುಗಿಯುತ್ತದೆ. ವರ್ಷದ ಕೊನೆಗೆ ಲೆಕ್ಕ ನೋಡಿದರೆ ಆ ಬಾಬ್ತಿಗೆ ಹತ್ತಾರು ಸಾವಿರ ಹೆಚ್ಚು ಹೋಗಿರುತ್ತದೆ, ಇಲ್ಲವೇ ಆಗಬೇಕಿದ್ದ ಕೆಲಸ ಆಗದೆ ನೋಟಿಸ್ ಬಂದಿರುತ್ತದೆ. ‘ಇತ್ಯಾದಿ’ ಎಂಬ ಪದದಡಿ ಏನೇನಿದೆ, ಅದರ ಹಣ ಎಲ್ಲಿಂದ ಬರಬೇಕು, ಅದಕ್ಕೆ ಹೊಣೆ ಯಾರು ಎಂದು ಬಿಡಿಸಿ ಬರೆಯದಿರುವುದೇ ಇದಕ್ಕೆ ಕಾರಣ.

ಕರ್ನಾಟಕದಲ್ಲಿ ಈ ಮರೆವಿಗೆ ಇನ್ನೊಂದು ಹಿನ್ನೆಲೆಯೂ ಇದೆ. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಟ್ರಸ್ಟ್‌ಗಳ ಮೇಲೆ ಚಾರಿಟಿ ಕಮಿಷನರ್ ಇದ್ದಾರೆ. ಲೆಕ್ಕಪತ್ರ ಅವರ ಕಚೇರಿಗೆ ಹೋಗಬೇಕು. ನಮ್ಮಲ್ಲಿ ಸಂಘಗಳಾದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ರಿಜಿಸ್ಟ್ರಾರರಿಗೆ ಪ್ರತಿ ವರ್ಷ ವಿವರ ಸಲ್ಲಿಸುತ್ತವೆ. ಟ್ರಸ್ಟ್ ಡೀಡನ್ನು ಮಾತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ ಮನೆಗೆ ಬಂದರೆ, ಮರುವರ್ಷ ಆ ಕಚೇರಿಯಿಂದ ಯಾರೂ ಲೆಕ್ಕ ಕೇಳುವುದಿಲ್ಲ. ಹಾಗಾಗಿ ಕೇಳುವವರೇ ಇಲ್ಲ ಎಂಬ ಭಾವನೆ ಬೆಳೆಯುತ್ತದೆ. ಕೇಳುವ ಇಲಾಖೆ ಬೇರೆ ಇದೆ, ಅದು ಆದಾಯ ತೆರಿಗೆ ಇಲಾಖೆ.

ಆ ಕಾಯ್ದೆಯ ಲೆಕ್ಕಾಚಾರ ಸರಳ. ತೆರಿಗೆ ವಿನಾಯಿತಿಗಾಗಿ 12ಎಬಿ ನೋಂದಣಿ ಪಡೆದ ಟ್ರಸ್ಟ್‌ನ ಆದಾಯ, ವಿನಾಯಿತಿ ಕಳೆಯುವ ಮುನ್ನ, ವರ್ಷಕ್ಕೆ ಎರಡೂವರೆ ಲಕ್ಷ ರೂಪಾಯಿ ದಾಟಿದರೆ ಚಾರ್ಟರ್ಡ್ ಅಕೌಂಟೆಂಟ್ ಅವರಿಂದ ಆಡಿಟ್ ಆಗಲೇಬೇಕು. ಆಡಿಟ್ ವರದಿ ಸಾಮಾನ್ಯವಾಗಿ ಸೆಪ್ಟೆಂಬರ್ 30ರೊಳಗೆ, ಐಟಿಆರ್-7 ಎಂಬ ರಿಟರ್ನ್ ಅಕ್ಟೋಬರ್ 31ರೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಕೆಯಾಗಬೇಕು. ಸಣ್ಣ ಟ್ರಸ್ಟ್‌ಗೆ ವರದಿಯ ನಮೂನೆ 10ಬಿಬಿ. ಆದಾಯ 5 ಕೋಟಿ ಮೀರಿದರೆ ಅಥವಾ ವಿದೇಶಿ ದೇಣಿಗೆ ಬಂದಿದ್ದರೆ ಹೆಚ್ಚು ವಿವರ ಕೇಳುವ 10ಬಿ. 80ಜಿ ಅನುಮೋದನೆ ಇದ್ದರೆ, ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿ 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಹೋಗಬೇಕು. ಅದು ಹೋದರೆ ಮಾತ್ರ ದಾನಿಗೆ ಕೊಡುವ 10ಬಿಇ ಪ್ರಮಾಣಪತ್ರ ಹುಟ್ಟುತ್ತದೆ. ಈ ಸಂಖ್ಯೆಗಳೆಲ್ಲ 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುವುದರಿಂದ ಆ ದಿನದ ನಂತರದ ಲೆಕ್ಕಕ್ಕೆ ಕಲಂ ಮತ್ತು ನಮೂನೆಗಳ ಸಂಖ್ಯೆ ಬದಲಾಗುತ್ತದೆ. ಆಡಿಟ್, ರಿಟರ್ನ್, ದಾನಿಗಳ ಪಟ್ಟಿ ಎಂಬ ಮೂರು ಕೆಲಸಗಳು ಮಾತ್ರ ಹಾಗೆಯೇ ಉಳಿಯುತ್ತವೆ.

ಈಗ ಒಂದು ಟ್ರಸ್ಟನ್ನು ಕಲ್ಪಿಸಿಕೊಳ್ಳೋಣ. ಹಾಸನ ಜಿಲ್ಲೆಯ ಒಂದು ಹೋಬಳಿ ಕೇಂದ್ರದಲ್ಲಿ ಐದು ಜನ ಟ್ರಸ್ಟಿಗಳು ಒಂದು ಗ್ರಂಥಾಲಯ ನಡೆಸುತ್ತಾರೆ. ಊರಿನ ಮತ್ತು ಬೆಂಗಳೂರಿನಲ್ಲಿ ನೆಲೆಸಿದ ಊರವರ ದೇಣಿಗೆ ವರ್ಷಕ್ಕೆ 4 ಲಕ್ಷ; ಎರಡು ಮಳಿಗೆಗಳ ಬಾಡಿಗೆ, ಠೇವಣಿಯ ಬಡ್ಡಿ ಸೇರಿ 2 ಲಕ್ಷ. ಹೋದ ವರ್ಷ ಒಂದು ಕಂಪನಿ ತನ್ನ ಸಿಎಸ್ಆರ್ ನಿಧಿಯಿಂದ ಸುತ್ತಲ ಹಳ್ಳಿಗಳಲ್ಲಿ ಸಂಜೆ ಪಾಠ ನಡೆಸಲು 12 ಲಕ್ಷ ಕೊಟ್ಟಿತು. ಒಟ್ಟು 18 ಲಕ್ಷ. ಬಜೆಟ್‌ನಲ್ಲಿ ಆಡಿಟ್ ಬಾಬ್ತು ಹಳೆಯ 10,000 ರೂಪಾಯಿಯೇ.

ಈ ಟ್ರಸ್ಟ್‌ನ ನಿಜವಾದ ಖರ್ಚನ್ನು ಬರೆಯುತ್ತಾ ಹೋಗೋಣ. ಫೀಸಿನ ಮೊತ್ತ ಊರಿಂದ ಊರಿಗೆ, ಕಚೇರಿಯಿಂದ ಕಚೇರಿಗೆ ಬೇರೆಯಾಗುತ್ತದೆ. ಇಲ್ಲಿ ಲೆಕ್ಕ ತಿಳಿಯಲೆಂದು ಒಂದು ಅಂದಾಜು ಹಿಡಿದಿದ್ದೇನೆ. ಆಡಿಟ್, 10ಬಿಬಿ, ರಿಟರ್ನ್ ಸೇರಿ 25,000. ಇದರ ಮೇಲೆ ಶೇ. 18 ಜಿಎಸ್‌ಟಿ 4,500. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ ಈ ತೆರಿಗೆಯನ್ನು ತನ್ನ ತೆರಿಗೆಯಲ್ಲಿ ಹೊಂದಿಸಿಕೊಳ್ಳುತ್ತಾನೆ, ನೋಂದಣಿ ಇಲ್ಲದ ಟ್ರಸ್ಟ್‌ಗೆ ಆ ದಾರಿ ಇಲ್ಲ, ಪೂರ್ತಿ ಕೈಬಿಟ್ಟು ಹೋಗುತ್ತದೆ. ಹಾಗಾಗಿ ಬಜೆಟ್‌ನಲ್ಲಿ ಬರೆಯಬೇಕಾದ ಮೊತ್ತ 29,500. ಇದನ್ನು ಮರೆತು 25,000 ಬರೆಯುವ ಟ್ರಸ್ಟ್‌ಗಳೇ ಹೆಚ್ಚು.

ಇನ್ನು ವೋಚರ್ ಬರೆದು ಕಂಪ್ಯೂಟರಿಗೆ ಏರಿಸುವ ಅರೆಕಾಲಿಕ ಲೆಕ್ಕಿಗರಿಗೆ ತಿಂಗಳಿಗೆ 3,000ದಂತೆ 36,000. ಇದು ಆಡಿಟ್ ಫೀಸಿನೊಳಗೆ ಬರುವುದಿಲ್ಲ, ಬರಲೂಬಾರದು. ತಾನೇ ಬರೆದ ಲೆಕ್ಕವನ್ನು ತಾನೇ ಪರಿಶೋಧಿಸಿ ಸಹಿ ಹಾಕುವುದಕ್ಕೆ ಅರ್ಥವಿಲ್ಲ; ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ನೀತಿಸಂಹಿತೆಯೂ ಅದನ್ನು ಒಪ್ಪುವುದಿಲ್ಲ. ದಾನಿಗಳ ಪಟ್ಟಿ 10ಬಿಡಿ ತಯಾರಿಗೆ ಜಿಎಸ್‌ಟಿ ಸೇರಿ 5,900. ಎರಡು ವರ್ಷಕ್ಕೊಮ್ಮೆ ಕೊಳ್ಳುವ ಡಿಜಿಟಲ್ ಸಹಿಯ ವರ್ಷದ ಪಾಲು 1,000. ಸಂಜೆ ಪಾಠದ ಶಿಕ್ಷಕರನ್ನು ಹಳ್ಳಿಗೆ ಕರೆದೊಯ್ಯುವ ಬಾಡಿಗೆ ಜೀಪಿಗೆ ತಿಂಗಳಿಗೆ 12,000, ವರ್ಷಕ್ಕೆ 1,44,000. ಒಬ್ಬನೇ ಗುತ್ತಿಗೆದಾರನಿಗೆ ವರ್ಷದಲ್ಲಿ 1 ಲಕ್ಷ ದಾಟಿದರೆ ಟಿಡಿಎಸ್ ಹಿಡಿಯಬೇಕು, ಮೂರು ತಿಂಗಳಿಗೊಮ್ಮೆ ಅದರ ವಿವರ ಸಲ್ಲಿಸಬೇಕು; ನಾಲ್ಕು ಸಲಕ್ಕೆ 3,540. ಕಂಪನಿ ಕೇಳುವ ಹಣ ಬಳಕೆ ಪ್ರಮಾಣಪತ್ರಕ್ಕೆ 7,080.

ಕೊನೆಯದು ನವೀಕರಣ. 80ಜಿ ಅನುಮೋದನೆ ಐದು ವರ್ಷಕ್ಕೊಮ್ಮೆ ಮುಗಿಯುತ್ತದೆ. 12ಎಬಿ ನೋಂದಣಿಗೂ ಅಷ್ಟೇ ಅವಧಿ ಇತ್ತು. 2025ರ ತಿದ್ದುಪಡಿ 5 ಕೋಟಿಯೊಳಗಿನ ಆದಾಯದ ಟ್ರಸ್ಟ್‌ಗಳಿಗೆ ಅದನ್ನು 10 ವರ್ಷಕ್ಕೆ ಏರಿಸಿತು. ಅವಧಿ ಮುಗಿಯುವ ಆರು ತಿಂಗಳ ಮೊದಲೇ ಅರ್ಜಿ ಹೋಗಬೇಕು, ಇಲಾಖೆ ಹಿಂದಿನ ವರ್ಷಗಳ ಲೆಕ್ಕ, ಚಟುವಟಿಕೆಯ ವಿವರ ಕೇಳುತ್ತದೆ. ಆ ಕೆಲಸಕ್ಕೆ 20,000 ಮತ್ತು ಜಿಎಸ್‌ಟಿ, ಒಟ್ಟು 23,600 ಎಂದುಕೊಂಡರೆ ವರ್ಷಕ್ಕೆ 4,720 ಎತ್ತಿಡಬೇಕು. ಐದನೇ ವರ್ಷದ ಬಜೆಟ್‌ನ ಮೇಲೆ ಒಮ್ಮೆಗೇ ಬಿದ್ದರೆ ಅದು ಗ್ರಂಥಾಲಯದ ಪುಸ್ತಕದ ಹಣವನ್ನೇ ತಿನ್ನುತ್ತದೆ.

ಎಲ್ಲ ಕೂಡಿದರೆ 87,740 ರೂಪಾಯಿ. 18 ಲಕ್ಷದಲ್ಲಿ ನೂರಕ್ಕೆ ಐದಕ್ಕಿಂತ ತುಸು ಕಡಿಮೆ. ಇದು ದುಂದಲ್ಲ, ಕಾನೂನುಬದ್ಧವಾಗಿ ನಡೆಯುವುದಕ್ಕೆ ತಗಲುವ ಬೆಲೆ. ಬಜೆಟ್‌ನಲ್ಲಿದ್ದ 10,000ಕ್ಕೂ ಇದಕ್ಕೂ ನಡುವಿನ ಅಂತರವನ್ನು ಎಲ್ಲಿಂದ ತುಂಬುತ್ತಾರೆ ಎಂಬಲ್ಲಿಯೇ ನಿಜವಾದ ತೊಂದರೆ ಶುರುವಾಗುತ್ತದೆ.

ತುಂಬುವ ಕೆಟ್ಟ ದಾರಿ ನನಗೆ ಗೊತ್ತಿರುವಂತೆ ಎರಡು. ಒಂದು, ಪೂರ್ತಿ ಖರ್ಚನ್ನು ದೊಡ್ಡ ದಾನಿಯ ಯೋಜನೆಗೆ ಬರೆಯುವುದು. ಕಂಪನಿ ಹಣ ಕೊಟ್ಟದ್ದು ಸಂಜೆ ಪಾಠಕ್ಕೆ. ಟ್ರಸ್ಟ್‌ನ 80ಜಿ ನವೀಕರಣದ ಖರ್ಚು ಅದರಲ್ಲಿ ಕಂಡರೆ ಅವರ ಪರಿಶೋಧಕರು ತಳ್ಳಿಹಾಕುತ್ತಾರೆ, ಆ ಹಣ ವಾಪಸು ಕೊಡಬೇಕಾಗುತ್ತದೆ. ಇನ್ನೂ ಕೆಟ್ಟದ್ದೆಂದರೆ ಇಬ್ಬರು ದಾನಿಗಳಿದ್ದಾಗ ಒಂದೇ ಆಡಿಟ್ ಬಿಲ್ಲನ್ನು ಇಬ್ಬರ ಲೆಕ್ಕದಲ್ಲೂ ಪೂರ್ತಿ ತೋರಿಸುವುದು. ಇದು ತಿಳಿಯದೆ ಆಗಬಹುದು, ಆದರೆ ಸಿಕ್ಕಿದ ದಿನ ಅದನ್ನು ಮೋಸವೆಂದೇ ಕರೆಯುತ್ತಾರೆ. ಎರಡನೇ ದಾರಿ, ಪರಿಚಯದ ಸಿಎ ಒಬ್ಬರಿಂದ ಉಚಿತವಾಗಿ ಮಾಡಿಸುವುದು. ಅವರ ಔದಾರ್ಯ ದೊಡ್ಡದು, ಅದರಲ್ಲಿ ಸಂದೇಹವಿಲ್ಲ. ಆದರೆ ಸೆಪ್ಟೆಂಬರ್ ಕೊನೆಯ ವಾರ ಅವರ ಮೇಜಿನ ಮೇಲೆ ಫೀಸು ಕೊಡುವವರ ಕಡತಗಳೂ ಇರುತ್ತವೆ, ಉಚಿತದ ಕಡತವೂ ಇರುತ್ತದೆ. ತಡವಾದರೆ ಕೇಳುವ ಬಾಯಿ ಟ್ರಸ್ಟಿಗಳಿಗೆ ಇರುವುದಿಲ್ಲ. ಸಿಎ ನಿಜವಾಗಿ ಸಹಾಯ ಮಾಡಬಯಸಿದರೆ ಬಿಲ್ ಕೊಟ್ಟು ಫೀಸು ಪಡೆದು, ಆಮೇಲೆ ತಮ್ಮ ಮನಸ್ಸಿಗೆ ಬಂದಷ್ಟು ದೇಣಿಗೆ ಕೊಡಲಿ. ಆಗ ಲೆಕ್ಕದಲ್ಲಿ ಕೆಲಸದ ಬೆಲೆ ಕಾಣುತ್ತದೆ, ಮುಂದೊಂದು ದಿನ ಅವರು ನಿವೃತ್ತರಾದರೂ ಟ್ರಸ್ಟ್‌ಗೆ ಆ ಬೆಲೆ ಗೊತ್ತಿರುತ್ತದೆ.

ಯಾವ ಖರ್ಚು ಯಾರದು ಎಂದು ತೀರ್ಮಾನಿಸಲು ಒಂದು ಪ್ರಶ್ನೆ ಸಾಕು: ಈ ಯೋಜನೆ ನಾಳೆ ನಿಂತರೂ ಈ ಖರ್ಚು ಉಳಿಯುತ್ತದೆಯೇ? ನಮ್ಮ ಟ್ರಸ್ಟ್‌ಗೆ ಇದನ್ನು ಹಚ್ಚಿ ನೋಡಿ. ಹಣ ಬಳಕೆ ಪ್ರಮಾಣಪತ್ರ ಕಂಪನಿ ಕೇಳಿದ್ದಕ್ಕೆ ಹುಟ್ಟಿದ್ದು, ಯೋಜನೆಯದು. ಟಿಡಿಎಸ್ ವಿವರಣೆ ಜೀಪಿನಿಂದಾಗಿ ಹುಟ್ಟಿದ್ದು, ಜೀಪು ಸಂಜೆ ಪಾಠದ್ದು, ಅದೂ ಯೋಜನೆಯದೇ. 10ಬಿಡಿ ಊರವರ ಸಣ್ಣ ದೇಣಿಗೆಗಳಿಗಾಗಿ ಇರುವುದು. ಯೋಜನೆ ಹೋದರೂ ಉಳಿಯುತ್ತದೆ, ಟ್ರಸ್ಟ್‌ನ ಸಾಮಾನ್ಯ ನಿಧಿಯೇ ಹೊರಬೇಕು. ನವೀಕರಣ, ಡಿಜಿಟಲ್ ಸಹಿ ಕೂಡ ಹಾಗೆಯೇ.

ಆಡಿಟ್ ಮತ್ತು ಲೆಕ್ಕ ಬರೆಯುವ ಖರ್ಚಿಗೆ ಉತ್ತರ ಅಷ್ಟು ನೇರವಲ್ಲ. ಯೋಜನೆ ಇಲ್ಲದಿದ್ದರೂ 6 ಲಕ್ಷ ಆದಾಯ ಇರುತ್ತದೆ, ಎರಡೂವರೆ ಲಕ್ಷದ ಮಿತಿ ದಾಟಿರುವುದರಿಂದ ಆಡಿಟ್ ಬೇಕೇ ಬೇಕು. ಹಾಗಾಗಿ ಆಡಿಟ್ ಮೂಲತಃ ಟ್ರಸ್ಟ್‌ನದು. ಆದರೆ ಯೋಜನೆ ಬಂದು ಕೆಲಸ ಹೆಚ್ಚಿತು, ಫೀಸೂ ಹೆಚ್ಚಿತು. ಸಿಎ ಅವರನ್ನು ಕೇಳಿ: ‘ಈ ಯೋಜನೆ ಇರದಿದ್ದರೆ ನೀವು ಎಷ್ಟು ತೆಗೆದುಕೊಳ್ಳುತ್ತಿದ್ದಿರಿ?’ ಅವರು ಜಿಎಸ್‌ಟಿ ಸೇರಿ 17,700 ಎಂದರೆ, ಉಳಿದ 11,800 ಯೋಜನೆಯ ಪಾಲು. ಆ ಉತ್ತರವನ್ನು ಪತ್ರದಲ್ಲಿ ಬರೆಸಿಟ್ಟುಕೊಳ್ಳಿ, ನಾಳೆ ದಾನಿಯ ಪ್ರಶ್ನೆಗೆ ಅದೇ ಉತ್ತರ. ಲೆಕ್ಕಿಗರ ಗೌರವಧನವನ್ನು ವೋಚರ್ ಎಣಿಸಿ ಹಂಚಬಹುದು. ವರ್ಷದ 300 ವೋಚರ್‌ಗಳಲ್ಲಿ 200 ಸಂಜೆ ಪಾಠದವಾದರೆ 36,000ದಲ್ಲಿ 24,000 ಯೋಜನೆಗೆ, 12,000 ಟ್ರಸ್ಟ್‌ಗೆ. ಹೀಗೆ ಹಂಚಿದಾಗ ಯೋಜನೆಯ ಪಾಲು 46,420, ಟ್ರಸ್ಟ್‌ನ ಪಾಲು 41,320.

ಯೋಜನೆಯ ಪಾಲು 12 ಲಕ್ಷದಲ್ಲಿ ನೂರಕ್ಕೆ ನಾಲ್ಕೂ ಆಗುವುದಿಲ್ಲ. ಪ್ರಸ್ತಾವನೆ ಬರೆಯುವಾಗಲೇ ಇದನ್ನು ಬಾಬ್ತುವಾರು ತೋರಿಸಿದರೆ ನ್ಯಾಯವಾಗಿ ನಡೆಯುವ ಯಾವ ದಾನಿಯೂ ಬೇಡವೆನ್ನಲು ಕಾರಣವಿಲ್ಲ. ಸಿಎಸ್ಆರ್ ನಿಯಮದಲ್ಲಿರುವ ಶೇ. 5ರ ಆಡಳಿತ ವೆಚ್ಚದ ಮಿತಿಯನ್ನು ಮುಂದಿಟ್ಟು ‘ಇದಕ್ಕೆ ಅವಕಾಶವಿಲ್ಲ’ ಎನ್ನುವವರಿದ್ದಾರೆ. ಆ ಮಿತಿ ಇರುವುದು ಕಂಪನಿಯ ಸ್ವಂತ ಆಡಳಿತ ವೆಚ್ಚಕ್ಕೆ. ವಿದೇಶಿ ದೇಣಿಗೆಯ ವಿಷಯ ಬೇರೆ: ಎಫ್‌ಸಿಆರ್‌ಎ ಕಾನೂನಿನ 2020ರ ತಿದ್ದುಪಡಿಯ ಪ್ರಕಾರ ಆ ಹಣದಲ್ಲಿ ಶೇ. 20ಕ್ಕಿಂತ ಹೆಚ್ಚು ಆಡಳಿತಕ್ಕೆ ಹೋಗುವಂತಿಲ್ಲ, ಲೆಕ್ಕಪತ್ರ ಮತ್ತು ವೃತ್ತಿಪರರ ಫೀಸು ಆ ಆಡಳಿತ ವೆಚ್ಚದೊಳಗೇ ಬರುತ್ತದೆ. ಅಂಥ ಟ್ರಸ್ಟ್‌ಗಳು ಈ ಲೆಕ್ಕವನ್ನು ಇನ್ನೂ ಬಿಗಿಯಾಗಿ ಇಡಬೇಕು.

ಟ್ರಸ್ಟ್‌ನ ಪಾಲಾದ 41,320ಕ್ಕೆ ಹಣ ಎಲ್ಲಿಂದ? ಗ್ರಂಥಾಲಯಕ್ಕೆಂದು ಹೇಳಿ ಸಂಗ್ರಹಿಸಿದ ದೇಣಿಗೆಯಿಂದಲ್ಲ. ಮಳಿಗೆಯ ಬಾಡಿಗೆ, ಠೇವಣಿಯ ಬಡ್ಡಿ ಯಾವ ದಾನಿಯ ಷರತ್ತಿಗೂ ಒಳಪಡದಿದ್ದರೆ ಈ ಬಾಬ್ತಿಗೆ ಅದನ್ನು ಮೊದಲು ಮೀಸಲಿಡಬೇಕು. ಬಾಡಿಗೆ, ಬಡ್ಡಿ ಏನೂ ಇಲ್ಲದ ಟ್ರಸ್ಟ್‌ನಲ್ಲಿ ಟ್ರಸ್ಟಿಗಳೇ ವರ್ಷದ ಆರಂಭದಲ್ಲಿ ಈ ಮೊತ್ತವನ್ನು ಹಂಚಿಕೊಂಡು ಕೊಡುವುದು ನನ್ನ ಮಟ್ಟಿಗೆ ಅತ್ಯಂತ ಪ್ರಾಮಾಣಿಕ ದಾರಿ. ಐದು ಜನಕ್ಕೆ ತಲಾ ಎಂಟು ಸಾವಿರದ ಚಿಲ್ಲರೆ. ಟ್ರಸ್ಟಿಯಾಗುವುದಕ್ಕೆ ಅಷ್ಟು ಬೆಲೆ ಇದೆ ಎಂದು ಎಲ್ಲರಿಗೂ ಮೊದಲೇ ತಿಳಿದಿದ್ದರೆ ಒಳ್ಳೆಯದು.

ಹಣ ಕೊಡುವ ಹೊತ್ತಿನಲ್ಲಿ ಎರಡು ಸಂಗತಿ ಕಣ್ಣು ತಪ್ಪಿಸಿಕೊಳ್ಳುತ್ತವೆ. ಟ್ರಸ್ಟ್ ತನ್ನ ಆದಾಯದ ಶೇ. 85ರಷ್ಟನ್ನು ಉದ್ದೇಶಗಳಿಗೆ ಬಳಸಿದೆಯೇ ಎಂದು ನೋಡುವಾಗ ಇಲಾಖೆ ಲೆಕ್ಕಕ್ಕೆ ಹಿಡಿಯುವುದು ನಿಜವಾಗಿ ಪಾವತಿಯಾದ ಹಣವನ್ನು ಮಾತ್ರ. ಮಾರ್ಚ್ 31ರ ಲೆಕ್ಕದಲ್ಲಿ ‘ಆಡಿಟ್ ಫೀಸು ಬಾಕಿ 29,500’ ಎಂದು ತೋರಿಸಿ ಅಕ್ಟೋಬರಿನಲ್ಲಿ ಕೊಟ್ಟರೆ ಅದು ಕೊಟ್ಟ ವರ್ಷದ ಬಳಕೆ. ಬಜೆಟ್ ಮಾಡುವ ಖಜಾಂಚಿ ಈ ಸಾಲಿನ ಪಕ್ಕದಲ್ಲಿ ಪಾವತಿಯ ತಿಂಗಳನ್ನೂ ಬರೆದರೆ ಗೊಂದಲ ತಪ್ಪುತ್ತದೆ. ಇನ್ನೊಂದು, ಸಿಎಗೆ ಕೊಡುವ ಫೀಸಿನ ಮೇಲಿನ ಟಿಡಿಎಸ್. ಒಬ್ಬರೇ ಸಿಎಗೆ ವರ್ಷದಲ್ಲಿ ಕೊಡುವ ವೃತ್ತಿಪರ ಶುಲ್ಕ 50,000 ದಾಟಿದರೆ ಶೇ. 10 ಹಿಡಿಯಬೇಕು. ನಮ್ಮ ಟ್ರಸ್ಟ್‌ನಲ್ಲಿ ಮಾಮೂಲಿ ವರ್ಷ ಆಡಿಟ್, ಟಿಡಿಎಸ್, 10ಬಿಡಿ, ಪ್ರಮಾಣಪತ್ರ ಎಲ್ಲ ಸೇರಿ ಜಿಎಸ್‌ಟಿ ಬಿಟ್ಟು 39,000. ನವೀಕರಣದ ವರ್ಷ ಮಾತ್ರ 59,000. ಆ ಒಂದು ವರ್ಷ ಹಿಡಿಯಲು ಮರೆತರೆ, ಟಿಡಿಎಸ್ ಹಿಡಿಯಬೇಕಿದ್ದ ಫೀಸಿನ ಶೇ. 30, ಅಂದರೆ 17,700 ರೂಪಾಯಿಯನ್ನು ಇಲಾಖೆ ಬಳಕೆಯೆಂದು ಒಪ್ಪುವುದಿಲ್ಲ. ಬಿಡಿಬಿಡಿ ಬಿಲ್ ಬರುವುದರಿಂದ ಇದು ಕಣ್ಣಿಗೆ ಬೀಳುವುದೇ ಇಲ್ಲ.

ದಂಡದ ಮಾತಿಗೆ ಬಂದರೆ, 10ಬಿಡಿ ತಡವಾದರೆ ದಿನಕ್ಕೆ 200 ರೂಪಾಯಿ. ನಲವತ್ತು ದಿನ ತಡವಾದರೆ 8,000. ಆ ಕೆಲಸಕ್ಕೆ ಕೊಡುವ ಫೀಸಿಗಿಂತ ಹೆಚ್ಚು. ಟಿಡಿಎಸ್ ವಿವರಣೆಗೂ ದಿನಕ್ಕೆ 200. ಈ ಹಣ ಯಾವ ದಾನಿಯ ಖಾತೆಗೂ ಹೋಗಬಾರದು, ಯೋಜನೆಯ ಟಿಡಿಎಸ್‌ನದ್ದಾದರೂ ಸರಿ. ‘ವಿಳಂಬ ಶುಲ್ಕ’ ಎಂದು ಪ್ರತ್ಯೇಕ ಸಾಲಿನಲ್ಲಿ ತೋರಿಸಿ, ಯಾಕಾಯಿತು ಎಂದು ಸಭೆಯ ನಡಾವಳಿಯಲ್ಲಿ ಬರೆಯಬೇಕು. ‘ಬ್ಯಾಂಕ್ ಶುಲ್ಕ’ ಅಥವಾ ‘ಇತರೆ’ಯಲ್ಲಿ ಸೇರಿಸಿದರೆ ಮುಂದಿನ ವರ್ಷವೂ ಅದೇ ತಪ್ಪು ಮರುಕಳಿಸುತ್ತದೆ.

ಇನ್ನು ಹೊಣೆ. ‘ಅದನ್ನೆಲ್ಲ ನಮ್ಮ ಆಡಿಟರ್ ನೋಡಿಕೊಳ್ಳುತ್ತಾರೆ’ ಎನ್ನುವ ಟ್ರಸ್ಟಿಯ ಟ್ರಸ್ಟ್‌ಗೆ ಯಾವಾಗ ಬೇಕಾದರೂ ನೋಟಿಸ್ ಬರಬಹುದು. ಇದಕ್ಕೆ ಒಂದು ಸಣ್ಣ, ಖಚಿತ ಕಾರಣವಿದೆ. 10ಬಿಬಿ ವರದಿಯನ್ನು ಸಿಎ ತಮ್ಮ ಲಾಗಿನ್‌ನಿಂದ ಏರಿಸುತ್ತಾರೆ. ಆಮೇಲೆ ಟ್ರಸ್ಟ್‌ನ ಲಾಗಿನ್‌ನಲ್ಲಿ ಅಧಿಕೃತ ಟ್ರಸ್ಟಿ ಅದನ್ನು ತೆರೆದು, ಒಪ್ಪಿ, ಡಿಜಿಟಲ್ ಸಹಿ ಅಥವಾ ಒಟಿಪಿಯಿಂದ ದೃಢೀಕರಿಸಬೇಕು. ಆ ಒಪ್ಪಿಗೆ ಆಗುವವರೆಗೆ ವರದಿ ಸಲ್ಲಿಕೆಯಾದಂತಲ್ಲ. ಸಿಎ ಸೆಪ್ಟೆಂಬರ್ 28ಕ್ಕೆ ಏರಿಸಿದ್ದಾರೆ. ಟ್ರಸ್ಟಿ ಮಗಳ ಮನೆಗೆ ಹೋಗಿ ಅಕ್ಟೋಬರ್ 6ಕ್ಕೆ ಬಂದು ಒತ್ತಿದ್ದಾರೆ. ಇಲಾಖೆಯ ಕಣ್ಣಲ್ಲಿ ವರದಿ ತಡವಾಗಿದೆ, ವಿನಾಯಿತಿಯೇ ಅಪಾಯದಲ್ಲಿದೆ. ಆಮೇಲೆ ವಿಳಂಬ ಮನ್ನಿಸಿ ಎಂದು ಆಯುಕ್ತರಿಗೆ ಅರ್ಜಿ, ಅದಕ್ಕೆ ಇನ್ನೊಂದು ಫೀಸು, ತಿಂಗಳುಗಟ್ಟಲೆ ಓಡಾಟ. ಆಡಿಟರ್ ತಮ್ಮ ಕೆಲಸವನ್ನು ಸಮಯಕ್ಕೆ ಮಾಡಿದ್ದರು.

ಆದ್ದರಿಂದ ಬಜೆಟ್‌ನ ಪ್ರತಿ ಸಾಲಿಗೂ ಟ್ರಸ್ಟಿಯೊಬ್ಬರ ಹೆಸರು ಬೇಕು, ಕೆಲಸ ಮುಗಿಯಬೇಕಾದ ದಿನವೂ ಬೇಕು. ಆ ದಿನ ಇಲಾಖೆಯ ಕೊನೆಯ ದಿನಕ್ಕಿಂತ ಕನಿಷ್ಠ ಒಂದು ತಿಂಗಳು ಹಿಂದೆ ಇರಲಿ. ನಮ್ಮ ಟ್ರಸ್ಟ್‌ನಲ್ಲಿ ಆಡಿಟ್ ಮತ್ತು ರಿಟರ್ನ್ ಖಜಾಂಚಿಯ ಹೆಸರಿಗೆ. ಒಟಿಪಿ ಬರುವ ಮೊಬೈಲ್, ಡಿಜಿಟಲ್ ಸಹಿ ಇರುವ ಟ್ರಸ್ಟಿಯೂ ಅವರೇ ಆಗಿದ್ದರೆ ಒಂದು ಕೈ ಕಡಿಮೆ. 10ಬಿಡಿಯನ್ನು ರಸೀದಿ ಪುಸ್ತಕ ಇಟ್ಟುಕೊಂಡಿರುವ ಟ್ರಸ್ಟಿಗೆ ಕೊಡಬೇಕು, ಸಿಎಗೆ ಅಲ್ಲ. ಯಾಕೆಂದರೆ ಅಲ್ಲಿ ಕೆಲಸ ನಿಲ್ಲುವುದು ಯಾವಾಗಲೂ ದಾನಿಯ ಪ್ಯಾನ್ ಸಂಖ್ಯೆ ಇಲ್ಲದ್ದರಿಂದ. ಜಾತ್ರೆಯಲ್ಲಿ ರಸೀದಿ ಹರಿಯುವಾಗ ಪ್ಯಾನ್ ಕೇಳದವರು ಮೇ ತಿಂಗಳಲ್ಲಿ ಮೂವತ್ತು ಮನೆಗೆ ಫೋನ್ ಮಾಡಬೇಕಾಗುತ್ತದೆ. ಯೋಜನೆಯ ಪ್ರಮಾಣಪತ್ರ, ಜೀಪಿನ ಟಿಡಿಎಸ್ ಸಂಜೆ ಪಾಠದ ಸಂಯೋಜಕರ ಕೆಲಸ, ಖಜಾಂಚಿ ಅದರ ಮೇಲೆ ಕಣ್ಣಿಡಲಿ. ಆಡಿಟರನ್ನು ನೇಮಿಸುವುದು, ಫೀಸು ಒಪ್ಪುವುದು ಮಾತ್ರ ಯಾರೊಬ್ಬರ ಕೈಯಲ್ಲೂ ಇರದೆ ಇಡೀ ಮಂಡಳಿಯ ಠರಾವಿನಿಂದಾಗಬೇಕು. ಖಜಾಂಚಿಯ ಲೆಕ್ಕವನ್ನೇ ನೋಡುವ ಆಡಿಟರನ್ನು ಖಜಾಂಚಿ ಒಬ್ಬರೇ ಆರಿಸುವುದು ಸರಿಯಲ್ಲ. ಆಡಿಟರ ಒಪ್ಪಂದ ಪತ್ರದಲ್ಲಿ ಫೀಸಿನೊಳಗೆ ಯಾವ ಯಾವ ಕೆಲಸ ಬರುತ್ತದೆ, ಯಾವುದು ಹೊರಗೆ ಎಂದು ಬರೆಸಿಕೊಂಡರೆ ‘ಇತ್ಯಾದಿ’ ತಾನಾಗಿ ಮಾಯವಾಗುತ್ತದೆ.

ನಿಮ್ಮ ಟ್ರಸ್ಟ್‌ನ ಸ್ಥಿತಿ ತಿಳಿಯಲು ಹಿಂದಿನ ಮೂರು ವರ್ಷದ ಆಡಿಟ್ ಆದ ಲೆಕ್ಕಪತ್ರ ಪಕ್ಕಪಕ್ಕ ಇಟ್ಟು ನೋಡಿ. ‘ಆಡಿಟ್ ಫೀಸು ಬಾಕಿ’ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ ಫೀಸು ಕೊಡುತ್ತಿಲ್ಲ ಎಂದರ್ಥ. ಫೀಸಿನ ಸಾಲೇ ಇಲ್ಲದಿದ್ದರೆ ಯಾರೋ ಉಚಿತವಾಗಿ ಮಾಡುತ್ತಿದ್ದಾರೆ. ಆಮೇಲೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಸಲ್ಲಿಕೆಯಾದ ನಮೂನೆಗಳ ಪಟ್ಟಿ ತೆರೆದು ಆಡಿಟ್ ವರದಿಯನ್ನು ಟ್ರಸ್ಟ್ ಒಪ್ಪಿದ ದಿನಾಂಕ ನೋಡಿ. ಸಿಎ ಸಹಿಯ ಕೆಳಗಿರುವ ದಿನಾಂಕ ಅದಕ್ಕೆ ಸಾಕ್ಷಿಯಲ್ಲ. ನೋಂದಣಿ ಆದೇಶದಲ್ಲಿ ಯಾವ ವರ್ಷದವರೆಗೆ ಎಂದಿದೆಯೋ ಅದನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ. ಕೊನೆಗೆ ಪೋರ್ಟಲ್‌ನ ಪ್ರೊಫೈಲ್‌ನಲ್ಲಿರುವ ಇ-ಮೇಲ್ ಮತ್ತು ಮೊಬೈಲ್ ಯಾರದು ಎಂದು ಪರೀಕ್ಷಿಸಿ. ಎಷ್ಟೋ ಟ್ರಸ್ಟ್‌ಗಳಲ್ಲಿ ಅದು ಹಿಂದೆಂದೋ ಬಿಟ್ಟುಹೋದ ಖಜಾಂಚಿಯದ್ದೋ, ಸಿಎ ಕಚೇರಿಯ ಸಹಾಯಕರದ್ದೋ ಆಗಿರುತ್ತದೆ, ಇಲಾಖೆಯ ನೋಟಿಸ್ ಅಲ್ಲಿಗೇ ಹೋಗಿ ಕೂತಿರುತ್ತದೆ. ಟ್ರಸ್ಟ್‌ನ ಹೆಸರಿನಲ್ಲೇ ಒಂದು ಇ-ಮೇಲ್ ಮಾಡಿ, ಇಬ್ಬರು ಟ್ರಸ್ಟಿಗಳಿಗೆ ಅದರ ಪಾಸ್‌ವರ್ಡ್ ಕೊಟ್ಟು, ಖಜಾಂಚಿ ಬದಲಾದ ದಿನವೇ ಪ್ರೊಫೈಲ್ ಬದಲಿಸಬೇಕೆಂದು ಠರಾವಿನಲ್ಲಿ ಸೇರಿಸುವುದಕ್ಕೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.